ಬಿಡಿಸಿದ ಲೆಕ್ಕದಿಂದ ಸ್ವಂತ ಲೆಕ್ಕದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಣಿತ ಹೇಳಿಕೊಡುವ ನನಗೆ ವಿದ್ಯಾರ್ಥಿಗಳು, ಪೋಷಕರು, ಎಷ್ಟೋ ವರ್ಷಗಳ ಬಳಿಕ ಮತ್ತೆ ಪುಸ್ತಕ ಹಿಡಿದ ದೊಡ್ಡವರು ಮಾತಿನ ನಡುವೆಯೋ ಪತ್ರದಲ್ಲೋ ಕೇಳಿದ ಪ್ರಶ್ನೆಗಳಿವು. ಪೂರ್ತಿ ಬಿಡಿಸಿದ ಮಾದರಿ ಲೆಕ್ಕ ಓದುವುದರಿಂದ ಶುರು ಮಾಡಿ, ಸುಳಿವುಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ, ತಾವೇ ಬಿಡಿಸುವವರೆಗೆ ಹೋಗುವ ಕಲಿಕೆಯ ಬಗ್ಗೆ ಇವೆಲ್ಲ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳಲ್ಲಿ ಹೆಚ್ಚಾಗಿ ಒಂದೇ ಬಗೆಯ ಲೆಕ್ಕ ಬರುತ್ತದೆ: ವರ್ಗವನ್ನು ಪೂರ್ಣಗೊಳಿಸಿ ವರ್ಗಸಮೀಕರಣವನ್ನು ಬಿಡಿಸುವುದು. ಹತ್ತು ಬಗೆಯ ಲೆಕ್ಕಗಳನ್ನು ಮೇಲಿಂದ ಮುಟ್ಟುವುದಕ್ಕಿಂತ ಒಂದನ್ನೇ ಹಿಡಿದು ಕೊನೆಯವರೆಗೆ ಹೋಗುವುದು ಲೇಸು.

## ಶುರು ಮಾಡುವವರಿಗೆ

ಬಿಡಿಸಿದ ಲೆಕ್ಕ ನೋಡಿ ಕಲಿಯುವುದೆಂದರೆ ಕಾಪಿ ಹೊಡೆದಂತೆಯೇ ಅಲ್ಲವೇ?

ಕಣ್ಣು ಪುಸ್ತಕದ ಮೇಲೆ, ಕೈ ನೋಟ್ ಪುಸ್ತಕದ ಮೇಲೆ ಇದ್ದು ನಡುವೆ ಏನೂ ನಡೆಯದಿದ್ದರೆ ಅದು ಕಾಪಿಯೇ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದರು ಎಂದು ನಿಂತು ಕೇಳಿಕೊಂಡರೆ ಅದು ಓದು. ಎರಡನ್ನೂ ಬೇರೆ ಮಾಡಿ ನೋಡಲು ಒಂದು ಸುಲಭ ದಾರಿಯಿದೆ: ಮಾದರಿ ಲೆಕ್ಕದ ಮೂರನೇ ಸಾಲನ್ನು ಕೈಯಿಂದ ಮುಚ್ಚಿ, ಎರಡನೆಯದನ್ನು ಮಾತ್ರ ನೋಡಿ ಅದನ್ನು ಹೇಳಲು ಯತ್ನಿಸಿ. ಓದಿದವರಿಗೆ ಅದು ಬರುತ್ತದೆ. ನಕಲು ಮಾಡಿದವರಿಗೆ ಅಂಥದೊಂದು ಸಾಲಿತ್ತು ಎಂಬುದು ಮಾತ್ರ ನೆನಪಿರುತ್ತದೆ.

ಕಷ್ಟಪಟ್ಟು ತಾನೇ ಬಿಡಿಸಿದರೆ ತಾನೇ ತಲೆಗೆ ಹತ್ತುವುದು? ಮೊದಲೇ ಉತ್ತರ ತೋರಿಸಿದರೆ ಏನು ಲಾಭ?

ನಾನೂ ಹಾಗೆಯೇ ನಂಬಿದ್ದೆ. ಹೊಸ ವಿಧಾನ ಹೇಳಿಕೊಟ್ಟು ಒಂದೇ ಒಂದು ಮಾದರಿ ತೋರಿಸಿ ಮೂವತ್ತು ಲೆಕ್ಕ ಕೊಡುತ್ತಿದ್ದೆ. ಮಕ್ಕಳು ಕಷ್ಟವನ್ನೇನೋ ಪಡುತ್ತಿದ್ದರು. ಆದರೆ ಆ ಕಷ್ಟ ಉತ್ತರವನ್ನು ಹುಡುಕುವುದಕ್ಕೇ ಖರ್ಚಾಗಿ, ವಿಧಾನದ ಕಡೆಗೆ ಗಮನವೇ ಉಳಿಯುತ್ತಿರಲಿಲ್ಲ.

ಆಸ್ಟ್ರೇಲಿಯಾದ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ ಇದಕ್ಕೆ ಕಾರಣ ಹೇಳಿದರು. ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಹೊಸ ವಿಷಯಗಳು ಬಹಳ ಕಡಿಮೆ, ನಾಲ್ಕೈದಿರಬಹುದು. ಹೊಸಬನು ಲೆಕ್ಕ ಬಿಡಿಸುವಾಗ ಎಲ್ಲಿಗೆ ತಲುಪಬೇಕು, ಈಗ ಎಲ್ಲಿದ್ದೇನೆ, ನಡುವಿನ ಅಂತರ ಎಷ್ಟು, ಅದನ್ನು ದಾಟಲು ಯಾವ ಸೂತ್ರ ಎಂಬುದನ್ನೆಲ್ಲ ಒಟ್ಟಿಗೆ ಹಿಡಿದಿರಬೇಕು. ಜಾಗ ಅಲ್ಲಿಗೇ ತುಂಬಿತು. ಲೆಕ್ಕ ಹೇಗೋ ಮುಗಿಯುತ್ತದೆ, ಆದರೆ ಅದರ ರಚನೆ ಮನಸ್ಸಿಗೆ ಇಳಿಯುವುದಿಲ್ಲ.

1985ರಲ್ಲಿ ಸ್ವೆಲ್ಲರ್ ಮತ್ತು ಗ್ರಹಾಮ್ ಕೂಪರ್ ಬೀಜಗಣಿತದಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪು ಬಿಡಿಸಿದ ಲೆಕ್ಕವೊಂದನ್ನು ಓದಿ ಅದರಂಥದೇ ಒಂದನ್ನು ಬಿಡಿಸುತ್ತಿತ್ತು. ಇನ್ನೊಂದು ಗುಂಪು ಎಲ್ಲವನ್ನೂ ಸ್ವತಃ ಬಿಡಿಸಿತು. ಆಮೇಲೆ ಅದೇ ಬಗೆಯ ಲೆಕ್ಕ ಕೊಟ್ಟಾಗ ಮೊದಲ ಗುಂಪು ಬೇಗ ಮುಗಿಸಿತು, ತಪ್ಪೂ ಕಡಿಮೆ. ಆದರೆ ರಚನೆಯೇ ಬೇರೆಯಾದ ಲೆಕ್ಕಗಳಲ್ಲಿ ಈ ಮೇಲುಗೈ ಕಾಣಲಿಲ್ಲ. ಈ ಎರಡನೆಯ ಮಾತನ್ನು ಹಲವರು ಬಿಟ್ಟುಬಿಡುತ್ತಾರೆ. ಮಾದರಿ ಲೆಕ್ಕದಲ್ಲೇ ನಿಂತುಬಿಡಬಾರದು ಎನ್ನುವುದಕ್ಕೆ ಅದೂ ಒಂದು ಕಾರಣ.

ಓದುವಾಗ ಎಲ್ಲವೂ ಅರ್ಥವಾಗುತ್ತದೆ. ಪುಸ್ತಕ ಮುಚ್ಚಿದರೆ ಮೊದಲ ಸಾಲೇ ಹೊಳೆಯುವುದಿಲ್ಲ. ಏಕೆ ಹೀಗೆ?

ನಿಮಗೆ ಅರ್ಥವಾಗಿರುವುದು ಪ್ರತಿ ಸಾಲೂ ಸರಿಯಾಗಿದೆ ಎಂಬುದು. ಆ ಸಾಲನ್ನೇ ಏಕೆ ಬರೆದರು ಎಂಬುದು ಬೇರೆಯೇ ವಿಷಯ, ಅದನ್ನು ಹೆಚ್ಚಿನ ಪುಸ್ತಕಗಳು ಹೇಳುವುದೂ ಇಲ್ಲ.

ಈ ಲೆಕ್ಕವನ್ನು ನೋಡಿ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಬಿಡಿಸಿ ತೋರಿಸಿದ್ದ ಲೆಕ್ಕವೇ ಇದು, ಇಂದಿನ ಬರವಣಿಗೆಯಲ್ಲಿ:

x² + 10x − 39 = 0

ಸಾಲು 1: x² + 10x = 39

ಸಾಲು 2: 10ರ ಅರ್ಧ 5, 5ರ ವರ್ಗ 25

ಸಾಲು 3: x² + 10x + 25 = 39 + 25 = 64

ಸಾಲು 4: (x + 5)² = 64

ಸಾಲು 5: x + 5 = ±8, ಆದ್ದರಿಂದ x = 3 ಅಥವಾ x = −13

ಎರಡನೆಯ ಸಾಲಿನ ಗುಣಾಕಾರದಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅರ್ಧ ಮಾಡಿದ್ದೇಕೆ? ಆ ಪ್ರಾಚೀನ ವಿವರಣೆ ಚಿತ್ರದ್ದು. x ಬಾಹುವಿನ ಒಂದು ಚೌಕ ಬರೆಯಿರಿ, ಅದರ ವಿಸ್ತೀರ್ಣ x². 10x ಎಂಬುದು x ಉದ್ದ, 10 ಅಗಲದ ಪಟ್ಟಿ. ಅದನ್ನು ಉದ್ದಕ್ಕೆ ಸೀಳಿ 5 ಅಗಲದ ಎರಡು ಪಟ್ಟಿ ಮಾಡಿ, ಒಂದನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ ಅಂಟಿಸಿ. ದೊಡ್ಡ ಚೌಕವೊಂದು ಆಗುತ್ತ ಬಂತು, ಆದರೆ ಮೂಲೆಯಲ್ಲಿ 5 ಉದ್ದ 5 ಅಗಲದ ತುಂಡೊಂದು ಖಾಲಿ. ಆ ತುಂಡೇ 25. ವರ್ಗವನ್ನು ಪೂರ್ಣಗೊಳಿಸುವುದು ಎಂಬ ಹೆಸರು ಬಂದದ್ದೇ ಹೀಗೆ. (ಚಿತ್ರದಿಂದ ಬಿಡಿಸಿದ ಅವನು 3 ಎಂಬ ಉತ್ತರವನ್ನಷ್ಟೇ ಕೊಟ್ಟ. ಬಾಹುವಿನ ಉದ್ದ −13 ಆಗುವುದು ಹೇಗೆ?)

ಈ ವಿವರಣೆಯನ್ನು ಓದುವವರು ತಾವೇ ಹೇಳಿಕೊಳ್ಳಬೇಕು. ಮಿಶೆಲಿನ್ ಚಿ ಮತ್ತು ಸಂಗಡಿಗರು 1989ರಲ್ಲಿ, ಭೌತವಿಜ್ಞಾನದ ಬಿಡಿಸಿದ ಲೆಕ್ಕಗಳನ್ನು ಓದುವಾಗ ವಿದ್ಯಾರ್ಥಿಗಳು ಏನು ಅಂದುಕೊಳ್ಳುತ್ತಾರೆ ಎಂದು ಗಟ್ಟಿಯಾಗಿ ಹೇಳಿಸಿ ದಾಖಲಿಸಿದರು. ಮುಂದೆ ಚೆನ್ನಾಗಿ ಬಿಡಿಸಿದವರು ಓದುವಾಗ ಸಾಲುಗಳಿಗೆ ಕಾರಣ ಹೇಳಿಕೊಳ್ಳುತ್ತಿದ್ದರು, ಇಲ್ಲಿ ನನಗೆ ತಿಳಿಯಲಿಲ್ಲ ಎಂದೂ ಹೆಚ್ಚು ಸಲ ಹೇಳುತ್ತಿದ್ದರು. ಹಿಂದುಳಿದವರಿಗೆ ಓದುವಾಗ ಎಲ್ಲವೂ ಅರ್ಥವಾದಂತೆಯೇ ಇತ್ತು.

ಆದ್ದರಿಂದ ಪ್ರತಿ ಸಾಲಿನ ಬಲಕ್ಕೆ ಪೆನ್ಸಿಲಿನಲ್ಲಿ ಒಂದು ಕಾರಣ ಬರೆಯಿರಿ. ‘25 ಕೂಡಿಸಿದೆ’ ಎಂದಲ್ಲ, ಅದು ಸಾಲಿನಲ್ಲೇ ಇದೆ. ‘ಎಡಗಡೆ ಪೂರ್ಣ ವರ್ಗವಾಗಲು ಮೂಲೆಯ 25 ಬೇಕು, ಸಮೀಕರಣ ಕೆಡದಿರಲು ಬಲಕ್ಕೂ ಅಷ್ಟೇ’ ಎಂದು. ಬರೆಯಲಾಗದ ಸಾಲು ಸಿಕ್ಕಿದರೆ ಹುಡುಕಬೇಕಾದ ಜಾಗ ಸಿಕ್ಕಿತು.

ಒಂದು ಮಾದರಿ ಸಾಕೇ?

ಸಾಲದು, ಕನಿಷ್ಠ ಎರಡು ಬೇಕು. ಒಂದೇ ಇದ್ದರೆ ಯಾವುದು ವಿಧಾನ, ಯಾವುದು ಆ ಲೆಕ್ಕದ ಸಂಖ್ಯೆ ಎಂದು ಹೊಸಬನಿಗೆ ಬೇರೆ ಮಾಡಲಾಗದು. 25 ಅನ್ನು ಯಾವಾಗಲೂ ಕೂಡಿಸಬೇಕು ಎಂದುಕೊಂಡ ಹುಡುಗನೊಬ್ಬನನ್ನು ನಾನು ನೋಡಿದ್ದೇನೆ. ತಪ್ಪು ಅವನದಲ್ಲ, ಒಂದೇ ಮಾದರಿ ಕೊಟ್ಟ ನನ್ನದು. ಎರಡನೆಯದರಲ್ಲಿ ಸಂಖ್ಯೆಗಳ ಜೊತೆಗೆ ಚಿಹ್ನೆಯೂ ಬದಲಾಗಲಿ.

## ಸುಳಿವುಗಳನ್ನು ತೆಗೆಯುವಾಗ

ಸುಳಿವು ಸ್ವಲ್ಪ ಸ್ವಲ್ಪವಾಗಿ ತೆಗೆಯುವುದೆಂದರೆ ನಿಜವಾಗಿ ಏನು ಮಾಡಬೇಕು? ಒಂದು ಹಾಳೆ ಹೇಗಿರುತ್ತದೆ ಹೇಳಿ.

ಪೂರ್ತಿ ಬಿಡಿಸಿದ ಲೆಕ್ಕಕ್ಕೂ ಖಾಲಿ ಪ್ರಶ್ನೆಗೂ ನಡುವೆ ಅರ್ಧ ಬಿಡಿಸಿದ ಲೆಕ್ಕಗಳನ್ನು ಇಡುವುದು, ಇಷ್ಟೇ. ಒಂದರಿಂದ ಒಂದಕ್ಕೆ ಹೋದಂತೆ ಕೊಟ್ಟ ಸಾಲು ಒಂದೊಂದಾಗಿ ಕಡಿಮೆಯಾಗುತ್ತದೆ. ಮೇಲೆ ಕೊಟ್ಟ ಐದು ಸಾಲಿನ ವಿಧಾನಕ್ಕೆ ನಾನು ಬಳಸುವ ಹಾಳೆ ಹೀಗಿದೆ.

ಮೊದಲನೆಯದು x² + 10x − 39 = 0, ಐದೂ ಸಾಲು ಬರೆದು ಕೊಟ್ಟಿರುತ್ತದೆ. ಕಾರಣಗಳನ್ನು ಮಾತ್ರ ವಿದ್ಯಾರ್ಥಿ ಬರೆಯಬೇಕು.

ಎರಡನೆಯದು x² + 6x − 16 = 0. (x + 3)² = 25 ಎಂಬವರೆಗೆ ಕೊಟ್ಟಿದ್ದು, ಐದನೇ ಸಾಲು ಖಾಲಿ. ಇಲ್ಲಿ ಬರುವ ತಪ್ಪು ಒಂದೇ: x + 3 = 5 ಎಂದು ಬರೆದು 2 ಎಂಬ ಉತ್ತರಕ್ಕೆ ನಿಲ್ಲಿಸುವುದು. −8 ಕಳೆದುಹೋಗುತ್ತದೆ. ಇಡೀ ಲೆಕ್ಕದಲ್ಲಿ ಖಾಲಿ ಇರುವುದು ಒಂದೇ ಸಾಲಾದ್ದರಿಂದ ± ಬಿಟ್ಟದ್ದು ಎದ್ದು ಕಾಣುತ್ತದೆ.

ಮೂರನೆಯದು x² − 8x − 20 = 0. x² − 8x + 16 = 36 ಎಂಬವರೆಗೆ ಕೊಟ್ಟಿದೆ. ನಾಲ್ಕನೇ ಸಾಲು (x − 4)² = 36 ಆಗಬೇಕು. ಹಿಂದಿನ ಎರಡರಲ್ಲೂ ಕೂಡು ಚಿಹ್ನೆ ನೋಡಿದ ಕೈ (x + 4)² ಎಂದು ಬರೆದುಬಿಡುತ್ತದೆ. ಬಿಡಿಸಿ ನೋಡಿದರೆ +8x ಬರುವುದರಿಂದ ತಪ್ಪು ತಾನೇ ಹೊರಬೀಳುತ್ತದೆ. ಉತ್ತರ 10 ಮತ್ತು −2.

ನಾಲ್ಕನೆಯದು x² + 4x − 45 = 0. ಮೊದಲ ಎರಡು ಸಾಲು ಮಾತ್ರ ಕೊಟ್ಟಿದೆ: x² + 4x = 45, ಮತ್ತು 4ರ ಅರ್ಧ 2, ಅದರ ವರ್ಗ 4. ಮೂರನೇ ಸಾಲಿನಲ್ಲಿ ಎಡಕ್ಕೆ ಮಾತ್ರ 4 ಕೂಡಿಸಿದರೆ (x + 2)² = 45 ಬರುತ್ತದೆ, 45 ಪೂರ್ಣ ವರ್ಗವಲ್ಲ. ಇದು ಅನುಕೂಲದ ಸುಳುಹು, ಆದರೆ ಹಾಳೆಯ ಸಂಖ್ಯೆಗಳನ್ನು ಹಾಗೆ ಆರಿಸಿದ್ದರಿಂದ ಮಾತ್ರ. ನಂಬಬಹುದಾದ ಪರೀಕ್ಷೆಯೆಂದರೆ ಉತ್ತರವನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡುವುದು: x = 5 ಆದರೆ 25 + 20 − 45 = 0. ಇನ್ನೊಂದು ಉತ್ತರ −9.

ಐದನೆಯದು x² − 12x + 20 = 0. ಮೊದಲ ಸಾಲು x² − 12x = −20 ಮಾತ್ರ ಇದೆ. ಉತ್ತರ 10 ಮತ್ತು 2.

ಆರನೆಯದು x² + 14x + 24 = 0. ಕೆಳಗೆ ಏನೂ ಇಲ್ಲ. ಉತ್ತರ −2 ಮತ್ತು −12.

ಪ್ರತಿಯೊಂದು ಮುಗಿದ ಕೂಡಲೇ ಪೂರ್ತಿ ಬಿಡಿಸಿದ್ದನ್ನು ನೋಡಿ ಸಾಲು ಸಾಲಾಗಿ ಹೋಲಿಸಿಕೊಳ್ಳಬೇಕು. ಆರನ್ನೂ ಮುಗಿಸಿ ಕೊನೆಗೆ ನೋಡೋಣ ಎಂದರೆ ಎರಡನೆಯದರಲ್ಲಿ ಮಾಡಿದ ತಪ್ಪು ಆರನೆಯದರ ಹೊತ್ತಿಗೆ ಅಭ್ಯಾಸವೇ ಆಗಿರುತ್ತದೆ.

ಕೊನೆಯ ಸಾಲಿನಿಂದ ಏಕೆ ಶುರು? ಮೊದಲ ಸಾಲನ್ನು ಮೊದಲು ತೆಗೆದರೆ ತಪ್ಪೇ?

ತಪ್ಪಲ್ಲ. ಆದರೆ ಮೊದಲ ಸಾಲನ್ನೇ ತೆಗೆದರೆ ಹೊಸಬನು ಇನ್ನೂ ನೋಡಿರದ ದಾರಿಯನ್ನು ಊಹಿಸಬೇಕಾಗುತ್ತದೆ. ಕೊನೆಯ ಸಾಲು ಖಾಲಿ ಇದ್ದರೆ ಗುರಿ ಕೈಗೆಟುಕುವಷ್ಟು ಹತ್ತಿರ, ಅಲ್ಲಿಗೆ ಬಂದ ದಾರಿಯೂ ಕಣ್ಣೆದುರು. ಅಲೆಕ್ಸಾಂಡರ್ ರೆಂಕ್ಲ್ ಮತ್ತು ರಾಬರ್ಟ್ ಆಟ್ಕಿನ್ಸನ್ ಅವರು 2000ರ ನಂತರದ ವರ್ಷಗಳಲ್ಲಿ ಎರಡೂ ಕ್ರಮಗಳನ್ನು ಪರೀಕ್ಷಿಸಿದರು. ಮೊದಲು ಹಿಂದಿನಿಂದ ತೆಗೆಯುವುದೇ ಮೇಲು ಎಂದು ಕಂಡಿತು. ಮುಂದಿನ ಪರೀಕ್ಷೆಗಳಲ್ಲಿ ಇನ್ನೂ ಉಪಯುಕ್ತವಾದದ್ದೊಂದು ಹೊರಬಿತ್ತು: ಕ್ರಮ ಯಾವುದೇ ಇರಲಿ, ಕಲಿಯುವವರು ಹೆಚ್ಚು ಕಲಿತದ್ದು ಖಾಲಿ ಬಿಟ್ಟ ಹಂತದ ಬಗ್ಗೆ.

ಈ ಮಾತು ತಿಳಿದ ಮೇಲೆ ನನ್ನದೇ ಹಾಳೆಯ ದೋಷ ಕಂಡಿತು. ಅದರಲ್ಲಿ ಐದನೇ ಸಾಲನ್ನು ವಿದ್ಯಾರ್ಥಿ ಐದು ಸಲ ಬರೆಯುತ್ತಾನೆ. ಎರಡನೇ ಸಾಲು, ಅಂದರೆ ಅರ್ಧ ಮಾಡಿ ವರ್ಗ ತೆಗೆಯುವುದು, ಇಡೀ ವಿಧಾನದ ಜೀವವೇ ಆದ ಸಾಲು, ಎರಡೇ ಸಲ. ವರ್ಗಮೂಲ ತೆಗೆಯಲು ಐದು ಸಲದ ಅಭ್ಯಾಸ ಯಾರಿಗೆ ಬೇಕು? ಈಗ ನಾಲ್ಕನೆಯದಾದ ಮೇಲೆ ಎರಡು ಲೆಕ್ಕಗಳನ್ನು ಸೇರಿಸುತ್ತೇನೆ. ಅವುಗಳಲ್ಲಿ ಉಳಿದೆಲ್ಲ ಸಾಲುಗಳ ರೂಪ ಕೊಟ್ಟು, ಕೂಡಿಸಬೇಕಾದ ಸಂಖ್ಯೆಯ ಜಾಗಗಳನ್ನು ಮಾತ್ರ ಖಾಲಿ ಬಿಟ್ಟು, ಪಕ್ಕದಲ್ಲಿ ‘ಈ ಸಂಖ್ಯೆಯೇ ಏಕೆ?’ ಎಂದು ಕೇಳುತ್ತೇನೆ. ಯಾವ ವಿಧಾನವೇ ಆಗಲಿ, ಹಾಳೆ ಬರೆಯುವ ಮುನ್ನ ನಿರ್ಧಾರ ತೆಗೆದುಕೊಳ್ಳುವ ಸಾಲು ಯಾವುದು, ಬರೀ ಕೂಡಿ ಕಳೆಯುವ ಸಾಲು ಯಾವುದು ಎಂದು ಗುರುತು ಹಾಕಿಕೊಳ್ಳಿ.

ಮುಂದಿನ ಸುಳಿವು ತೆಗೆಯಲು ಸಮಯವಾಯಿತು ಎಂದು ಹೇಗೆ ತಿಳಿಯುವುದು?

ಖಾಲಿ ಸಾಲನ್ನು ಮೇಲಿನ ಮಾದರಿಯತ್ತ ಕಣ್ಣು ಹಾಯಿಸದೆ ತುಂಬಿ, ಕಾರಣವನ್ನೂ ಹೇಳಿದರೆ ಮುಂದಕ್ಕೆ. ಉತ್ತರ ಸರಿ, ಕಾರಣ ಇಲ್ಲ ಎಂದಾದರೆ ಅದೇ ಹಂತದಲ್ಲಿ ಇನ್ನೊಂದು ಲೆಕ್ಕ. ಎರಡು ಸಲ ಒಂದೇ ಜಾಗದಲ್ಲಿ ಎಡವಿದರೆ ಒಂದು ಹಂತ ಹಿಂದಕ್ಕೆ. ಇಷ್ಟು ಲೆಕ್ಕ ಎಂದು ಮೊದಲೇ ಎಣಿಸಿಡುವುದರಲ್ಲಿ ಅರ್ಥವಿಲ್ಲ. ಕೆಲವರಿಗೆ ಆರು ಸಾಕು, ಕೆಲವರಿಗೆ ಹದಿನೈದು.

ಮಗ ಸಿಕ್ಕಿಹಾಕಿಕೊಂಡಾಗ ನಾನು ತಕ್ಷಣ ಹೇಳಿಬಿಡುತ್ತೇನೆ. ಕಾಯಬೇಕೇ?

ಅವನು ಏನಾದರೂ ಬರೆಯುತ್ತ, ಅಳಿಸುತ್ತ ಇದ್ದರೆ ಕಾಯಿರಿ. ಪೆನ್ಸಿಲು ನಿಂತು ಕಣ್ಣು ಕಿಟಕಿಯ ಕಡೆಗೆ ಹೋಗಿದ್ದರೆ ಕಾದು ಫಲವಿಲ್ಲ. ಆಗಲೂ ಸಾಲನ್ನು ಹೇಳಬೇಡಿ. ‘ಇದಕ್ಕೆ ಹೋಲುವ ಸಾಲು ಹಿಂದಿನ ಲೆಕ್ಕದಲ್ಲಿ ಯಾವುದು?’ ಎಂದು ಕೇಳಿ. ಅದಕ್ಕೂ ಆಗದಿದ್ದರೆ ಆ ಒಂದು ಸಾಲನ್ನು ಬರೆದು ತೋರಿಸಿ, ಉಳಿದದ್ದನ್ನು ಅವನಿಗೇ ಬಿಡಿ. ಪೂರ್ತಿ ಲೆಕ್ಕವನ್ನು ನೀವೇ ಮುಗಿಸಿದರೆ ಎಲ್ಲಿ ಸಿಕ್ಕಿಬಿದ್ದೆ ಎಂಬುದನ್ನೇ ಅವನು ಮರೆಯುತ್ತಾನೆ.

## ಸ್ವಲ್ಪ ಮುಂದೆ ಹೋದವರಿಗೆ

ನನ್ನ ಮಗಳಿಗೆ ಆಗಲೇ ಚೆನ್ನಾಗಿ ಬರುತ್ತದೆ. ಅವಳೂ ಮಾದರಿ ಲೆಕ್ಕ ಓದುತ್ತ ಕೂರಬೇಕೇ?

ಬೇಡ. ಬರುವವರಿಗೆ ಬಿಡಿಸಿದ ಲೆಕ್ಕ ಬೇಸರ ತರಿಸುವುದಷ್ಟೇ ಅಲ್ಲ, ಅಡ್ಡಿಯೂ ಆಗುತ್ತದೆ. ತನಗೆ ಗೊತ್ತಿರುವ ದಾರಿಯನ್ನೂ ಪುಸ್ತಕದ ದಾರಿಯನ್ನೂ ಅವಳು ಹೋಲಿಸುತ್ತ ಹೋಗಬೇಕು, ಅದು ವ್ಯರ್ಥ ಶ್ರಮ. ಸ್ಲಾವಾ ಕಲ್ಯುಗ ಮತ್ತು ಸಂಗಡಿಗರು ಇದನ್ನು ವಿವರವಾಗಿ ತೋರಿಸಿದ್ದಾರೆ: ಹೊಸಬರಿಗೆ ನೆರವಾದ ಮಾರ್ಗದರ್ಶನವೇ ಪಳಗಿದವರ ಕಲಿಕೆಯನ್ನು ಹಿಂದಕ್ಕೆಳೆಯಬಹುದು.

ಅವಳು ಯಾವ ಗುಂಪಿಗೆ ಸೇರುತ್ತಾಳೆಂದು ತಿಳಿಯಲು ದೊಡ್ಡ ಪರೀಕ್ಷೆ ಬೇಡ. ಲೆಕ್ಕ ಕೊಟ್ಟು ‘ನೀನು ಬರೆಯುವ ಮುಂದಿನ ಸಾಲು ಯಾವುದು, ಅದನ್ನು ಮಾತ್ರ ಬರೆ’ ಎನ್ನಿ. x² + 10x − 39 = 0 ನೋಡಿದ ಕೂಡಲೇ (x + 5)² = 64 ಎಂದು ಬರೆದರೆ ಮೂರು ಸಾಲು ಅವಳ ತಲೆಯಲ್ಲೇ ಒಂದಾಗಿವೆ, ಹಾಳೆ ಬದಿಗಿಡಿ. x² + 10x = 39 ಎಂದು ಬರೆದರೆ ದಾರಿ ಗೊತ್ತು, ಒಂದೊಂದೇ ಹೆಜ್ಜೆ ಇಡುತ್ತಿದ್ದಾಳೆ. ಸುಮ್ಮನೆ x = 39 ÷ 10 ಎಂಬಂಥ ಏನನ್ನೋ ಬರೆದರೆ ಪೂರ್ತಿ ಮಾದರಿಯಿಂದ ಶುರು ಮಾಡಿ.

ಪಾಠದ ಕೊನೆಯ ಲೆಕ್ಕಗಳೆಲ್ಲ ಸರಿಯಾಗುತ್ತವೆ. ಪರೀಕ್ಷೆಯಲ್ಲಿ ಯಾವ ವಿಧಾನ ಬಳಸಬೇಕೆಂದೇ ತಿಳಿಯುವುದಿಲ್ಲ.

ಪಾಠದ ಶೀರ್ಷಿಕೆಯೇ ಒಂದು ಸುಳಿವು, ಅದನ್ನು ಯಾರೂ ತೆಗೆದಿಲ್ಲ. ‘ವರ್ಗ ಪೂರ್ಣಗೊಳಿಸುವ ವಿಧಾನ’ ಎಂಬ ತಲೆಬರಹದ ಕೆಳಗಿನ ಇಪ್ಪತ್ತು ಲೆಕ್ಕಗಳಲ್ಲಿ ವಿಧಾನ ಆರಿಸುವ ಕೆಲಸ ಒಂದು ಸಲವೂ ಬರುವುದಿಲ್ಲ. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ.

ಆದ್ದರಿಂದ ಕೊನೆಯ ಹಂತ ಕಲಬೆರಕೆ ಹಾಳೆ. x² = 49, x² − 5x = 0, x² + 5x + 6 = 0, x² + 6x − 1 = 0 ಇವನ್ನು ಬೆರೆಸಿ ಕೊಟ್ಟು, ಬಿಡಿಸಬೇಡಿ, ಯಾವ ವಿಧಾನ ಮತ್ತು ಏಕೆ ಎಂದು ಮಾತ್ರ ಬರೆಯಿರಿ ಎನ್ನುತ್ತೇನೆ. ಮೊದಲನೆಯದಕ್ಕೆ ನೇರ ವರ್ಗಮೂಲ ಸಾಕು. ಎರಡನೆಯದರಲ್ಲಿ x ಅನ್ನು ಹೊರತೆಗೆಯಬೇಕು, x ಇಂದ ಭಾಗಿಸಿದರೆ 0 ಎಂಬ ಉತ್ತರ ಕಳೆದುಹೋಗುತ್ತದೆ. ಮೂರನೆಯದಕ್ಕೆ ಗುಣಲಬ್ಧ 6, ಮೊತ್ತ 5 ಆಗುವ 2 ಮತ್ತು 3 ಸಿಗುವುದರಿಂದ ಅಪವರ್ತನವೇ ಹತ್ತಿರದ ದಾರಿ. ನಾಲ್ಕನೆಯದಕ್ಕೆ ಅಂಥ ಪೂರ್ಣಾಂಕಗಳಿಲ್ಲ, ಅಲ್ಲಿ ವರ್ಗ ಪೂರ್ಣಗೊಳಿಸಿದರೆ (x + 3)² = 10 ಸಲೀಸಾಗಿ ಬರುತ್ತದೆ. ಇದನ್ನು ಮೊದಲ ದಿನವೇ ಕೊಟ್ಟರೆ ಗೊಂದಲ. ವಿಧಾನಗಳು ಒಂದೊಂದಾಗಿ ನೆಲೆಯಾದ ಮೇಲೆ ಕೊಡದಿದ್ದರೆ ನೀವು ಹೇಳಿದ ತೊಂದರೆ.

ರೇಖಾಗಣಿತಕ್ಕೂ ಇದು ನಡೆಯುತ್ತದೆಯೇ? ನನಗೆ ಬಿಡಿಸಿದ ಪ್ರಮೇಯ ಓದಿದರೆ ಇನ್ನಷ್ಟು ಗೊಂದಲವಾಗುತ್ತದೆ.

ಗೊಂದಲಕ್ಕೆ ಕಾರಣ ಹೆಚ್ಚಾಗಿ ಪುಟದ ವಿನ್ಯಾಸ. ಚಿತ್ರ ಮೇಲೆ, ವಿವರಣೆ ಕೆಳಗೆ. ‘ಕೋನ ABC = ಕೋನ BCD’ ಎಂದು ಓದಿ, ಮೇಲೆ ಹೋಗಿ ಹುಡುಕಿ, ಮತ್ತೆ ಕೆಳಗಿಳಿದು ಎಲ್ಲಿದ್ದೆ ಎಂದು ಹುಡುಕಬೇಕು. ಓದುವವರ ಗಮನವೆಲ್ಲ ಈ ಓಡಾಟಕ್ಕೇ ಹೋಗುತ್ತದೆ. 1988ರಲ್ಲಿ ರೊಹಾನಿ ತರ್ಮಿಝಿ ಮತ್ತು ಸ್ವೆಲ್ಲರ್ ಇದನ್ನೇ ಕಂಡರು: ಚಿತ್ರ ಮತ್ತು ವಿವರಣೆ ಬೇರೆ ಬೇರೆ ಇದ್ದಾಗ ಬಿಡಿಸಿದ ಲೆಕ್ಕದಿಂದ ಪ್ರಯೋಜನವಾಗಲಿಲ್ಲ, ವಿವರಣೆಯನ್ನು ಚಿತ್ರದೊಳಗೇ ಸೇರಿಸಿದಾಗ ಆಯಿತು. ಚಿತ್ರವನ್ನು ದೊಡ್ಡದಾಗಿ ಬರೆದುಕೊಂಡು, ಪ್ರತಿ ಹಂತದ ಸಂಖ್ಯೆಯನ್ನು ಆ ಕೋನದ ಅಥವಾ ಬಾಹುವಿನ ಮೇಲೆಯೇ ಗುರುತಿಸಿ.

ಇನ್ನೊಂದು ತೊಡಕು ಹೀಗೆ ಹೋಗುವುದಿಲ್ಲ. ‘C ಮೂಲಕ AB ಗೆ ಸಮಾಂತರ ರೇಖೆ ಎಳೆಯಿರಿ’ ಎಂದು ಸಾಧನೆ ಶುರುವಾಗುತ್ತದೆ, ಆ ರೇಖೆ ಹೊಳೆದದ್ದು ಹೇಗೆಂದು ಹೇಳುವುದಿಲ್ಲ. ಬಿಡಿಸಿದ ಲೆಕ್ಕ ಹೇಳದ ನಿರ್ಧಾರವನ್ನು ಅದರಿಂದ ಕಲಿಯಲಾಗದು. ಅಂಥ ಕಡೆ ಹೇಳಿಕೊಡುವವರು ತಾವು ಪಟ್ಟ ಯೋಚನೆಯನ್ನು, ಕೈಬಿಟ್ಟ ದಾರಿಯ ಸಮೇತ, ಬಾಯಿಬಿಟ್ಟು ಹೇಳಬೇಕು.

ತಪ್ಪಾಗಿ ಬಿಡಿಸಿದ ಲೆಕ್ಕವನ್ನು ತೋರಿಸಬಹುದೇ? ಅದೇ ಮನಸ್ಸಿನಲ್ಲಿ ಉಳಿದರೆ?

ಸರಿಯಾದ ವಿಧಾನ ಸ್ವಲ್ಪ ನೆಲೆಯಾದ ಮೇಲೆ ತೋರಿಸಬಹುದು, ಅದಕ್ಕೆ ಮೊದಲು ಬೇಡ. ತಪ್ಪು ಎಂದು ಮೇಲೆಯೇ ಬರೆದಿರಬೇಕು. ಕೇಳಬೇಕಾದದ್ದು ತಪ್ಪು ಎಲ್ಲಿದೆ ಎಂದಷ್ಟೇ ಅಲ್ಲ, ಬರೆದವನು ಏನೆಂದುಕೊಂಡು ಹಾಗೆ ಬರೆದ ಎಂದೂ ಕೇಳಬೇಕು. x² − 12x = −20 ಆದ ಮೇಲೆ x² − 12x + 144 = 124 ಎಂದು ಬರೆದಿದ್ದರೆ, ಅವನು ಅರ್ಧ ಮಾಡುವುದನ್ನು ಬಿಟ್ಟು 12ರ ವರ್ಗವನ್ನೇ ಕೂಡಿಸಿದ್ದಾನೆ. (x − 12)² ಬಿಡಿಸಿದರೆ −24x ಬರುತ್ತದೆ ಎಂದು ತೋರಿಸುವ ಹೊತ್ತಿಗೆ, ಅರ್ಧ ಏಕೆ ಬೇಕು ಎಂಬುದು ಓದುವವರಿಗೇ ಗಟ್ಟಿಯಾಗಿರುತ್ತದೆ.

ಈಗ ನಾನೊಬ್ಬನೇ ಬಿಡಿಸಬಲ್ಲೆ ಎಂದು ಹೇಗೆ ಖಚಿತ ಮಾಡಿಕೊಳ್ಳುವುದು?

ಅಭ್ಯಾಸ ಮುಗಿಸಿದ ದಿನವೇ ನೋಡಿದರೆ ಎಲ್ಲರಿಗೂ ಬಂದಂತೆಯೇ ಇರುತ್ತದೆ. ಒಂದು ವಾರ ಬಿಟ್ಟು, ಯಾವ ಮಾದರಿಯನ್ನೂ ತೆರೆಯದೆ, ಹಾಳೆಯಲ್ಲಿದ್ದ ರೂಪದಿಂದ ಸ್ವಲ್ಪ ಜಾರಿದ ಮೂರು ಲೆಕ್ಕ ಮಾಡಿ.

x² + 5x − 14 = 0 ಇದರಲ್ಲಿ 5 ಬೆಸ ಸಂಖ್ಯೆ. ಅರ್ಧ 5/2, ವರ್ಗ 25/4, ಬಲಕ್ಕೆ 81/4. ಉತ್ತರ 2 ಮತ್ತು −7. ಭಿನ್ನರಾಶಿ ಕಂಡ ಕೂಡಲೇ ತಪ್ಪಾಯಿತೆಂದು ಅಳಿಸಿದರೆ, ವಿಧಾನಕ್ಕಿಂತ ಚೆಂದದ ಸಂಖ್ಯೆಗಳನ್ನು ನಂಬಿದ್ದೀರಿ ಎಂದಾಯಿತು.

2x² + 16x + 14 = 0 ಇದರಲ್ಲಿ ಮೊದಲು 2ರಿಂದ ಭಾಗಿಸಬೇಕು. ಭಾಗಿಸದೆ 16ರ ಅರ್ಧ 8, ವರ್ಗ 64 ಎಂದು ಹೊರಟರೆ ಎಡಗಡೆ ಪೂರ್ಣ ವರ್ಗವಾಗುವುದೇ ಇಲ್ಲ, ಏಕೆಂದರೆ ಚಿತ್ರದಲ್ಲಿ ಇರಬೇಕಾದದ್ದು ಒಂದು x² ಚೌಕ, ಇಲ್ಲಿರುವುದು ಎರಡು. ಭಾಗಿಸಿದರೆ x² + 8x + 7 = 0, ಉತ್ತರ −1 ಮತ್ತು −7.

ಮೂರನೆಯದು x² + 2x + 5 = 0. ಇದು (x + 1)² = −4 ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇಲ್ಲಿ ಕೆಲವರು ಋಣ ಚಿಹ್ನೆಯನ್ನು ಸದ್ದಿಲ್ಲದೆ ಬಿಟ್ಟು x + 1 = ±2 ಎಂದು ಮುಗಿಸುತ್ತಾರೆ. ಇನ್ನು ಕೆಲವರು ಹಿಂದಕ್ಕೆ ಹೋಗಿ ಇಲ್ಲದ ತಪ್ಪನ್ನು ಹುಡುಕುತ್ತಾರೆ. ಪೆನ್ಸಿಲು ಕೆಳಗಿಟ್ಟು, ಯಾವ ವಾಸ್ತವ ಸಂಖ್ಯೆಯ ವರ್ಗವೂ −4 ಆಗಲಾರದು, ಆದ್ದರಿಂದ ಇದಕ್ಕೆ ವಾಸ್ತವ ಮೂಲಗಳಿಲ್ಲ ಎಂದು ಬರೆದವರಿಗೆ ನಾನು ಇನ್ನು ಹಾಳೆ ಕೊಡುವುದಿಲ್ಲ.